ಊದಿದ್ದು 30 ದಾಟಿತು: ಮುಂದೇನು?

ಶನಿವಾರ ರಾತ್ರಿ ಹನ್ನೊಂದೂವರೆ, ಬ್ಯಾರಿಕೇಡ್ ಪಕ್ಕ ಸಾಲಾಗಿ ನಿಂತ ಕಾರುಗಳು. ಟ್ರಾಫಿಕ್ ಪೊಲೀಸರು ಚಾಚಿದ ಮಿಷನ್‌ಗೆ ನೀವು ಊದುತ್ತೀರಿ. ಪರದೆಯ ಮೇಲೆ 52 ಬರುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಅನ್ವಯವಾಗುತ್ತದೆ. ಪೊಲೀಸರ ಬಾಯಲ್ಲಿ ಇದು ‘ಡಿಡಿ ಕೇಸು’, ಅಂದರೆ ಕುಡಿದು ಗಾಡಿ ಓಡಿಸಿದ ಡ್ರಂಕ್ ಅಂಡ್ ಡ್ರೈವ್ ಕೇಸು.

ಊದುವ ಮುನ್ನ ಬಾಯಿಗಿಡುವ ಕೊಳವೆ ಹೊಸದೇ ಎಂದು ನೋಡಿಕೊಳ್ಳಿ. ಅಳತೆಯ ಚೀಟಿಯಲ್ಲಿರುವ ಸಮಯ, ವಾಹನ ಸಂಖ್ಯೆಯನ್ನು ಓದಿ, ಫೋಟೊ ತೆಗೆದುಕೊಳ್ಳಿ. ಬಂಧನವಾದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕೆಂದು ಕಾನೂನಿದೆ. ಮಿಷನ್ ತಪ್ಪು ತೋರಿಸಿತು ಎನ್ನುವವರು ಆಗಲೇ ರಕ್ತಪರೀಕ್ಷೆ ಕೇಳಬೇಕು, ಮರುದಿನ ಬೆಳಿಗ್ಗೆ ಕೇಳಿ ಉಪಯೋಗವಿಲ್ಲ. ಊದಲ್ಲ ಎಂದು ಹಟ ಹಿಡಿದರೆ ಬಂಧಿಸುವ ಅಧಿಕಾರ ಪೊಲೀಸರಿಗಿದೆ, ಸಕಾರಣವಿಲ್ಲದ ನಿರಾಕರಣೆ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ಬಳಕೆಯಾಗುತ್ತದೆ.

ಹೆಲ್ಮೆಟ್ ದಂಡದ ಹಾಗೆ ಇದನ್ನು ರಸ್ತೆಯಲ್ಲೇ ಕಟ್ಟಿ ಮುಗಿಸಲು ಬರುವುದಿಲ್ಲ, ಕೋರ್ಟಿಗೇ ಹೋಗಬೇಕು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ ದಂಡ, ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಬಹುತೇಕರು ತಪ್ಪೊಪ್ಪಿಕೊಂಡು ದಂಡ ಕಟ್ಟಿ, ‘ಪೀಡೆ ತೊಲಗಿತು’ ಎಂದು ಹೊರಬರುತ್ತಾರೆ. ಆದರೆ ಅದು ಅಪರಾಧ ಸಾಬೀತಾದ ದಾಖಲೆ. ಅದೇ ರಾತ್ರಿ ಗುದ್ದಿದ ಕಾರಿಗೆ ವಿಮೆ ಕೇಳಿದ್ದರೆ, ಕಂಪನಿಯ ವಕೀಲರು ಮೊದಲು ಕೈಗೆತ್ತಿಕೊಳ್ಳುವುದೇ ಆ ಆದೇಶವನ್ನು. ಹಾಗಾಗಿ ಅಪಘಾತವೂ ಸೇರಿಕೊಂಡಿದ್ದರೆ ವಕೀಲರನ್ನು ಕೇಳದೆ ತಪ್ಪೊಪ್ಪಿಕೊಳ್ಳಬೇಡಿ.

ಲೈಸೆನ್ಸಿನ ಮೇಲೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಪೊಲೀಸರು ಅದನ್ನು ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬಹುದು. ಅಲ್ಲಿ ನಿಮ್ಮ ಮಾತು ಕೇಳಿದ ಮೇಲೆ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು, ಮರುಕಳಿಸಿದರೆ ಲೈಸೆನ್ಸೇ ರದ್ದು. ನೋಟಿಸಿಗೆ ಉತ್ತರಿಸದೆ ಬಿಟ್ಟವರು ಹೇಳಿಕೊಳ್ಳುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಇತ್ತ ಶಿಕ್ಷೆ ವಿಧಿಸುವ ಕೋರ್ಟ್ ಕನಿಷ್ಠ ಆರು ತಿಂಗಳ ಅನರ್ಹತೆ ವಿಧಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಅವಧಿಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅದು ಬೇರೆಯೇ ಕೇಸು.

ಇನ್ನು ವಿಮೆ. ಸ್ವಂತ ವಾಹನದ ಹಾನಿಗೆ ಇರುವ ಪಾಲಿಸಿಯಲ್ಲಿ, ಚಾಲಕ ಮದ್ಯದ ಪ್ರಭಾವದಲ್ಲಿದ್ದರೆ ಪರಿಹಾರವಿಲ್ಲ ಎಂಬ ಸಾಲು ಇರುತ್ತದೆ. ‘ಪ್ರಭಾವದಲ್ಲಿ’ ಎಂದಿರುತ್ತದೆಯೇ ಹೊರತು 30 ಎಂದಲ್ಲ. ಇದರ ಅರ್ಥ ಏನೆಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. 2007ರ ಡಿಸೆಂಬರ್ 22ರ ಬೆಳಗಿನ ಜಾವ ದೆಹಲಿಯ ಇಂಡಿಯಾ ಗೇಟ್ ಬಳಿ ಆ ಕಂಪನಿಯ ಪೋರ್ಷೆ ಕಾರು ಅಪಘಾತಕ್ಕೀಡಾಗಿ, ಬೆಂಕಿ ಹತ್ತಿ ಪೂರ್ತಿ ಹಾಳಾಯಿತು. ಉಸಿರಿನ ಪರೀಕ್ಷೆಯಾಗಲಿ, ರಕ್ತದ ಅಳತೆಯಾಗಲಿ ಇರಲಿಲ್ಲ, ಆಸ್ಪತ್ರೆಯ ವರದಿಯಲ್ಲಿ ಮದ್ಯದ ವಾಸನೆ ಇತ್ತೆಂದು ಬರೆದಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗ ಮಾಲೀಕರ ಪರ ನಿಂತರೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಾಸನೆ ಮತ್ತು ಅಪಘಾತ ನಡೆದ ರೀತಿಯನ್ನು ಒಟ್ಟಿಗೆ ನೋಡಿ, ವಿಮಾ ಕಂಪನಿ ಹಣ ನಿರಾಕರಿಸಿದ್ದು ಸರಿ ಎಂದಿತು.

ಅಂದರೆ ಪರೀಕ್ಷೆ ತಪ್ಪಿಸಿಕೊಂಡು ಓಡಿದರೆ ಕ್ಲೇಮು ಉಳಿಯುತ್ತದೆ ಎಂಬ ಲೆಕ್ಕ ಸುಳ್ಳು. ಎಲ್ಲರೂ ಕೊಡುವ ಸಲಹೆಗೆ ತದ್ವಿರುದ್ಧವಾಗಿ ಹೇಳುತ್ತೇನೆ, ನಿಜಕ್ಕೂ ಕುಡಿಯದವರಿಗೆ 30ಕ್ಕಿಂತ ಕಡಿಮೆ ತೋರಿಸುವ ರಕ್ತದ ವರದಿಯೇ ದೊಡ್ಡ ರಕ್ಷಣೆ.

ನಿಮ್ಮ ಕಾರು ಗುದ್ದಿ ಬೇರೆಯವರಿಗೆ ಗಾಯವಾಗಿದ್ದರೆ ಲೆಕ್ಕ ಬೇರೆ. ಸಂತ್ರಸ್ತರಿಗೆ ಮೊದಲು ವಿಮಾ ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸಿರುವುದುಂಟು. ಹತ್ತು ಸಾವಿರದ ದಂಡದ ಮುಂದೆ ಹತ್ತಾರು ಲಕ್ಷದ ವಸೂಲಿ ನೋಟಿಸು ಮನೆಗೆ ಬರುವುದು ಹೀಗೆ.

ಕ್ಲೇಮು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಕಂಪನಿಯ ದೂರು ವಿಭಾಗಕ್ಕೆ ಬರೆದು, ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯವಿದೆ. ಎಲ್ಲಕ್ಕಿಂತ ಮೊದಲು ಕ್ಲೇಮ್ ಫಾರ್ಮಿನಲ್ಲಿ ‘ಚಾಲಕ ಕುಡಿದಿದ್ದರೇ’ ಎಂಬ ಪ್ರಶ್ನೆಗೆ ಗ್ಯಾರೇಜಿನವರು ಏನು ತುಂಬಿದ್ದಾರೆಂದು ಓದಿ ಸಹಿ ಹಾಕಿ. ಸುಳ್ಳು ಬರೆದದ್ದು ಬಯಲಾದರೆ ಅದೊಂದೇ ಸಾಕು, ಕಂಪನಿ ಬಾಗಿಲು ಮುಚ್ಚಲು.