ಯೂಟ್ಯೂಬ್ ಹಿಸ್ಟರಿ ಪೂರ್ತಿ ಅಳಿಸಲಿಲ್ಲ, ಹಾಳಾದ ತಿಂಗಳುಗಳನ್ನು ಮಾತ್ರ ಅಳಿಸಿದೆ

ನನ್ನ ಯೂಟ್ಯೂಬ್ ಹೋಮ್ ಪೇಜ್ ಬೇಡದ ವಿಡಿಯೋಗಳಿಂದ ತುಂಬಿ ಹಾಳಾದಾಗ, "ಹೊಸ ಮೇಲ್ ಐಡಿ ಮಾಡು ಮಾರಾಯ, ಇದು ರಿಪೇರಿ ಆಗುವ ಕೇಸಲ್ಲ" ಅಂತ ನಮ್ಮ ಎಸಿ ರಿಪೇರಿಯವರ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದಾರೆ. ಹಾಗಾಗಿ ಬರೆದೇ ಬಿಡುತ್ತೇನೆ.

ಉಡುಪಿಯಲ್ಲಿ ನನ್ನದು ಇನ್ವರ್ಟರ್ ಎಸಿ ಬೋರ್ಡ್ ರಿಪೇರಿ. ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟ ಬೋರ್ಡುಗಳು, ಉಳಿದ ದಿನ ಮಲ್ಪೆ ಕಡೆಯಿಂದ ಉಪ್ಪು ಗಾಳಿಗೆ ತುಕ್ಕು ಹಿಡಿದವು. ಹೊಸ ಮಾಡೆಲ್ ಬಂದರೆ ವಿಡಿಯೋ ನೋಡದೆ ನಡೆಯುವುದಿಲ್ಲ. ಐದಾರು ವರ್ಷದಲ್ಲಿ ನನ್ನ ಹೋಮ್ ಪೇಜ್ ಎಷ್ಟು ಪಳಗಿತ್ತು ಅಂದರೆ, ನಾನು ಹುಡುಕುವ ಮೊದಲೇ ಬೇಕಾದ ಬೋರ್ಡು ಎದುರಿಗೆ ಬರುತ್ತಿತ್ತು. ಹೊಸ ಐಡಿ ಮಾಡಿದರೆ ಅದೆಲ್ಲ ನೀರಿಗೆ ಹಾಕಿದ ಹಾಗೆ ಅಲ್ವಾ?

ಹೋದ ವರ್ಷ ಅಂಗಡಿಗೆ ಟಿವಿ ಬಂತು. ಕಾಯುವ ಗಿರಾಕಿಗಳಿಗೆ ಅಂತ ನನ್ನದೇ ಅಕೌಂಟ್ ಹಾಕಿದ್ದೆ. ಕೆಲವೇ ತಿಂಗಳಲ್ಲಿ ಹೋಮ್ ಪೇಜ್ ತುಂಬ ಧಾರಾವಾಹಿ, ರಾಜಕೀಯದ ಜಗಳ, ದೆವ್ವದ ಕಥೆ. ನಡುವೆ ಒಂದು "ಎಲ್ಲ ಎಸಿಗೂ ಆಗುವ ಬೋರ್ಡು" ವಿಡಿಯೋ ಬಂತು. ಅದನ್ನು ನಂಬಿ ಎರಡೂವರೆ ಸಾವಿರ ಕೊಟ್ಟು ತರಿಸಿದ್ದು ಈಗಲೂ ಡಬ್ಬದಲ್ಲಿ ಬಿದ್ದಿದೆ. ಒಬ್ಬ ಗಿರಾಕಿ "ಪ್ರೀಮಿಯಂ ಹಾಕಿ ಅಣ್ಣ, ಸರಿಯಾಗ್ತದೆ" ಎಂದರು. ತಿಂಗಳಿಗೆ ನೂರೈವತ್ತರ ಹತ್ತಿರ ಹೋಗುತ್ತದೆ. ಜಾಹೀರಾತು ಹೋಗುತ್ತದೆ, ಶಿಫಾರಸು ಹಾಗೇ ಉಳಿಯುತ್ತದೆ.

ಮೊದಲು ಎಲ್ಲರೂ ಮಾಡುವ ಹಾಗೆ `Pause watch history` ಒತ್ತಿದೆ. ಒಂದು ವಾರ ಕಾದರೂ ದೆವ್ವ ಹೋಗಲಿಲ್ಲ. ಪಾಸ್ ಮಾಡಿದರೆ ಹೊಸದು ದಾಖಲಾಗುವುದು ನಿಲ್ಲುತ್ತದೆ, ಅಷ್ಟೇ. ಒಳಗೆ ಸೇರಿದ ಹಳೆಯದು ಅಲ್ಲೇ ಕೂತು ಶಿಫಾರಸು ಮಾಡಿಸುತ್ತಲೇ ಇರುತ್ತದೆ. ಮೇಲಿಂದ ಇನ್ನೊಂದು ತಲೆನೋವು. ನಾನು ನೋಡಿ ಮುಗಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ, ಅದೇ ವಿಡಿಯೋ ಮತ್ತೆ ಮತ್ತೆ ಬರುತ್ತದೆ. ಅರ್ಧ ನೋಡಿದ ವಿಡಿಯೋ ಕೆಳಗಿನ ಕೆಂಪು ಗೆರೆಯೂ ಇಲ್ಲ. ಒಂದು ಗಂಟೆಯ ಬೋರ್ಡ್ ವಿಡಿಯೋದಲ್ಲಿ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕುವುದೇ ಒಂದು ಕೆಲಸ.

ಆಮೇಲೆ ಸಿಕ್ಕಿದ್ದಕ್ಕೆಲ್ಲ `Not interested` ಒತ್ತಿದೆ. ಹೆಬ್ಬೆರಳು ಸವೆಯಿತು. 2022ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಇದನ್ನೇ ಪರೀಕ್ಷೆ ಮಾಡಿದ್ದರು. ಆ ಬಟನ್ ಬೇಡದ ಶಿಫಾರಸನ್ನು ತಡೆದದ್ದು ನೂರಕ್ಕೆ ಸುಮಾರು 11. `Don't recommend channel` ಮಾತ್ರ 43ರವರೆಗೆ ಹೋಗಿತ್ತು. ನನಗೂ ಅದೇ ಅನುಭವ. ಒಂದು ದೆವ್ವದ ವಿಡಿಯೋ ಬೇಡ ಎಂದರೆ ಇನ್ನೊಂದು ಚಾನೆಲಿನ ದೆವ್ವ ಬರುತ್ತದೆ.

ಪೂರ್ತಿ ಅಳಿಸುವ ದಾರಿಯೂ ಇದೆ, `Clear all watch history`. ಅದನ್ನು ನನ್ನ ಅಕೌಂಟಿನಲ್ಲಿ ಮಾಡಲು ಧೈರ್ಯ ಬರಲಿಲ್ಲ. ಬಳಕೆಯಲ್ಲಿಲ್ಲದ ಒಂದು ಹಳೆಯ ಐಡಿಯಲ್ಲಿ ಮಾಡಿ ನೋಡಿದೆ. ಹಿಸ್ಟರಿ ಆಫ್ ಇಟ್ಟು ಪೂರ್ತಿ ಅಳಿಸಿದರೆ ಹೋಮ್ ಪೇಜ್ ಬೋಳು, ಹುಡುಕುವ ಬಾಕ್ಸ್ ಮಾತ್ರ ಉಳಿಯಿತು. ಇದು 2023ರ ಆಗಸ್ಟ್‌ನಿಂದ ಯೂಟ್ಯೂಬೇ ಮಾಡಿದ ಬದಲಾವಣೆ. ಕೆಲವರಿಗೆ ಅದೇ ಇಷ್ಟ. ನನಗೆ ಹೊಟ್ಟೆಪಾಡಿಗೆ ಶಿಫಾರಸು ಬೇಕು.

ಆಗ ಹೊಳೆದದ್ದು, ಹಾಳಾದದ್ದು ಟಿವಿ ಬಂದ ಮೇಲೆ ಮಾತ್ರವಲ್ಲವಾ? ಖಾತ್ರಿಗೆ myactivity.google.com ತೆರೆದು ಯೂಟ್ಯೂಬ್ ಹಿಸ್ಟರಿಯಲ್ಲಿ ಯಾವ ವಿಡಿಯೋ ಎಷ್ಟು ಗಂಟೆಗೆ ಓಡಿದೆ ಅಂತ ನೋಡಿದೆ. ನಾನು ಮಲ್ಪೆಯಲ್ಲಿ ಏಣಿ ಮೇಲೆ ಇದ್ದ ಹೊತ್ತಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಸಾಲಾಗಿ ನಾಲ್ಕೈದು ಧಾರಾವಾಹಿ. ಆಟೋಪ್ಲೇ ತನ್ನಷ್ಟಕ್ಕೆ ಓಡಿಸಿದ್ದು. ಅಳಿಸುವ ಮೊದಲು ಈ ಗಂಟೆ ನೋಡುವ ಕೆಲಸ ಬಿಡಬೇಡಿ. ನಿಮ್ಮಲ್ಲಿ ಅದು ಟಿವಿ ಆಗಿರಲಿಕ್ಕಿಲ್ಲ, ಮಗನ ಟ್ಯಾಬ್ ಇರಬಹುದು.

ಅಳಿಸುವುದಕ್ಕಿಂತ ಮೊದಲು ಟಿವಿಯನ್ನು ಬೇರೆ ಮಾಡಿದೆ. ಅದೇ ಅಕೌಂಟಿನೊಳಗೆ ಇನ್ನೊಂದು ಚಾನೆಲ್ ಮಾಡಿ ಟಿವಿಗೆ ಅದನ್ನು ಹಾಕಿದೆ. ಚಾನೆಲ್ ಬೇರೆಯಾದರೆ ಹಿಸ್ಟರಿಯೂ ಬೇರೆ. ಟಿವಿಯಲ್ಲಿ ಗೆಸ್ಟ್ ಆಗಿ ಇಟ್ಟರೂ ನಡೆಯುತ್ತದೆ. ಒಂದು ಎಚ್ಚರಿಕೆ, ನಿಮ್ಮ ಫೋನಿನಿಂದ ಟಿವಿಗೆ ಕಾಸ್ಟ್ ಮಾಡಿದರೆ ಅದು ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಮತ್ತೆ ಮೈ ಆ್ಯಕ್ಟಿವಿಟಿಯ ಅದೇ ಯೂಟ್ಯೂಬ್ ಹಿಸ್ಟರಿಯಲ್ಲಿ `Delete` ಒತ್ತಿ `Delete custom range` ಆರಿಸಿದೆ. ಟಿವಿ ಬಿಲ್ಲಿನ ತಾರೀಕಿನಿಂದ ಅವತ್ತಿನವರೆಗೆ ಕೊಟ್ಟೆ. ಏಳೆಂಟು ತಿಂಗಳು ಇರಬೇಕು. ಇಲ್ಲಿ ಅಳಿಸುವುದರಿಂದ ಇನ್ನೊಂದು ಲಾಭ ಇದೆ. ನೋಡಿದ್ದರ ಜೊತೆ ಆ ಅವಧಿಯಲ್ಲಿ ಹುಡುಕಿದ್ದೂ ಹೋಗುತ್ತದೆ. ವಾಚ್ ಹಿಸ್ಟರಿ ಮಾತ್ರ ಅಳಿಸಿದರೆ ಹುಡುಕಾಟದ ಪಟ್ಟಿ ಹಾಗೇ ಉಳಿಯುತ್ತದೆ. ನಮ್ಮ ಗಿರಾಕಿಗಳು ಟಿವಿ ರಿಮೋಟಿನಲ್ಲಿ ಮಾತಾಡಿ ಏನೇನು ಹುಡುಕಿದ್ದರು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಆ ಅವಧಿಯಲ್ಲಿ ನಾನೇ ನೋಡಿದ ಒಳ್ಳೆಯ ವಿಡಿಯೋಗಳೂ ಹೋದವು. ಇಡೀ ರಾತ್ರಿಯ ಯಕ್ಷಗಾನದ ರೆಕಾರ್ಡಿಂಗ್‌ಗಳೂ ಹೋದವು. ಚಿಂತೆ ಮಾಡಲಿಲ್ಲ, ಆ ಚಾನೆಲ್‌ಗಳಿಗೆ ಸಬ್‌ಸ್ಕ್ರೈಬ್ ಆಗಿದ್ದೆ, ಅವು ತಾನಾಗಿ ಮರಳಿದವು. ಅದರಿಂದಲೇ ಇನ್ನೊಂದು ಗೊತ್ತಾಯಿತು. ಸಬ್‌ಸ್ಕ್ರಿಪ್ಶನ್, ಲೈಕ್ ಎರಡೂ ಹಿಸ್ಟರಿ ಅಳಿಸಿದರೂ ಉಳಿದು ಕೆಲಸ ಮಾಡುತ್ತವೆ. ಅಕ್ಕನ ಮಗ ರಿಮೋಟಿನಲ್ಲಿ ಲೈಕ್ ಕೊಟ್ಟ ಗೇಮ್ ವಿಡಿಯೋಗಳೇ ಇಪ್ಪತ್ತರ ಮೇಲಿದ್ದವು. `Liked videos` ಪಟ್ಟಿಗೆ ಹೋಗಿ ಒಂದೊಂದಾಗಿ ತೆಗೆದೆ.

ಆಮೇಲೆ ಹಿಸ್ಟರಿ ಮತ್ತೆ ಆನ್ ಮಾಡಿದೆ. ಅದೇ ದಿನ ಬದಲಾವಣೆ ಕಾಣದಿದ್ದರೆ ಗಾಬರಿ ಬೇಡ, ಎಲ್ಲ ಫೋನಿಗೆ ತಲುಪಲು ಕೆಲವು ಗಂಟೆ ಹಿಡಿಯುತ್ತದೆ. ಮರುದಿನದಿಂದ ಬೋರ್ಡು, ಕಂಪ್ರೆಸರ್ ಕಾಣತೊಡಗಿದವು. ಬಿಡುವಾದಾಗಲೆಲ್ಲ ಕೆಲಸದ ವಿಡಿಯೋಗಳನ್ನು ಮಾತ್ರ ಕೊನೆವರೆಗೆ ನೋಡಿದೆ. ಹತ್ತು ದಿನ ಆಗುವಾಗ ಹೋಮ್ ಪೇಜಿನ ಮೊದಲ ಹತ್ತರಲ್ಲಿ ಏಳೆಂಟು ನಮ್ಮ ಕಸುಬಿನವು. ಯಾವ ಶಬ್ದ ಹಾಕಿ, ಯಾವ ಕ್ರಮದಲ್ಲಿ ಹುಡುಕಿದೆ ಎಂಬುದು ನನ್ನಲ್ಲೇ ಇರಲಿ.

ಸರಿಯಾಗಿದೆಯಾ ಅಂತ ನೋಡಲು ಹೋಮ್ ಪೇಜಿನ ಮೇಲಿರುವ ವಿಷಯದ ಬಟನ್‌ಗಳನ್ನು ಗಮನಿಸಿ. ನನಗೆ ಅಲ್ಲಿ ಏರ್ ಕಂಡೀಷನರ್ ಬಂದದ್ದು ನೋಡಿಯೇ ಉಸಿರು ಬಂತು. ವಿಡಿಯೋ ಪಕ್ಕದಲ್ಲಿ ಬರುವ ಪಟ್ಟಿ ನೋಡಿ ತೀರ್ಮಾನ ಮಾಡಬೇಡಿ, ಅದು ಜಾಸ್ತಿ ಆ ಹೊತ್ತಿನ ವಿಡಿಯೋವನ್ನೇ ಹಿಂಬಾಲಿಸುತ್ತದೆ. ಶಾರ್ಟ್ಸ್ ಮಾತ್ರ ಇನ್ನೂ ಸ್ವಲ್ಪ ಹಟ ಮಾಡುತ್ತಿದೆ.

ಪಾಸ್ ಬಟನ್ ಈಗಲೂ ಉಪಯೋಗಕ್ಕಿದೆ. ಮನೆಯಲ್ಲಿ ಮದುವೆ ಕಾರ್ಯಕ್ರಮ, ಮಕ್ಕಳ ಕೈಗೆ ಫೋನ್ ಹೋಗುತ್ತದೆ ಎಂದಾದರೆ ಎರಡು ದಿನ ಪಾಸ್. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ನೋಡಲು ಆ್ಯಪಿನ ಇನ್‌ಕಾಗ್ನಿಟೊ ಸಾಕು. ತೊಂಬತ್ತು ನಿಮಿಷ ಮುಟ್ಟದಿದ್ದರೆ ಅದು ತಾನೇ ಮುಗಿಯುತ್ತದೆ, ಆದ್ದರಿಂದ ಆನ್ ಇದೆ ಅಂತ ನಂಬಿ ಕೂರಬೇಡಿ.

ಎಲ್ಲರಿಗೂ ಇದು ಆಗುವುದಿಲ್ಲ. ಕಿನ್ನಿಗೋಳಿಯ ಗೆಳೆಯನ ಅಕೌಂಟಿನಲ್ಲಿ ಆಟೋ ಡಿಲೀಟ್ ಮೂರು ತಿಂಗಳಿಗೆ ಇಟ್ಟಿತ್ತು. ಹಳೆಯ ಒಳ್ಳೆಯ ಹಿಸ್ಟರಿ ಅದಾಗಲೇ ಹೋಗಿತ್ತು, ಉಳಿದದ್ದು ಮೂರು ತಿಂಗಳ ಕಸ ಮಾತ್ರ. ಅವನಿಗೆ ಎಲ್ಲ ಅಳಿಸಿ, ಆಟೋ ಡಿಲೀಟನ್ನು 36 ತಿಂಗಳಿಗೆ ಏರಿಸಿ, ಶುರುವಿನಿಂದ ಪಳಗಿಸುತ್ತಿದ್ದೇವೆ. ಅವನ ಹೋಮ್ ಪೇಜ್ ಇನ್ನೂ ಅರ್ಧ ಕ್ರಿಕೆಟ್.