ಅಗ್ಗದ ವಿಮಾನ ಟಿಕೆಟು ನಿಜಕ್ಕೂ ಅಗ್ಗವೇ? ಮನೆ ಬಾಗಿಲಿನಿಂದ ಲೆಕ್ಕ ಹಾಕಿ

ಕಾಸರಗೋಡಿನವರಿಗೆ ವಿಮಾನ ಹತ್ತಲು ಎರಡು ದಾರಿ ಇದೆ. ಉತ್ತರಕ್ಕೆ ಹೋದರೆ ಮಂಗಳೂರಿನ ಬಜಪೆ, ದಕ್ಷಿಣಕ್ಕೆ ಹೋದರೆ ಕಣ್ಣೂರಿನ ಮಟ್ಟನ್ನೂರು. ಬಜಪೆ ಸುಮಾರು 60 ಕಿ.ಮೀ., ಮಟ್ಟನ್ನೂರು ಹೆಚ್ಚುಕಮ್ಮಿ ಅದರ ಎರಡರಷ್ಟು ದೂರ. ಮೊಬೈಲಿನಲ್ಲಿ ಎಲ್ಲಿ ಟಿಕೆಟು ಕಡಿಮೆ ಕಂಡಿತೋ ಅದನ್ನೇ ಬುಕ್ ಮಾಡುವವರು ಜಾಸ್ತಿ. ಆದರೆ ಮೊದಲು ಕಾಣುವ ಆ ದರದಲ್ಲಿ ಬ್ಯಾಗೂ ಇರುವುದಿಲ್ಲ, ಟ್ಯಾಕ್ಸಿಯೂ ಇರುವುದಿಲ್ಲ.

ಗಂಡ, ಹೆಂಡತಿ, ಎಂಟು ವರ್ಷದ ಮಗಳು ಕಾಸರಗೋಡಿನಿಂದ ಮುಂಬೈಗೆ ಹೊರಟಿದ್ದಾರೆ ಎಂದುಕೊಳ್ಳಿ. ಎರಡು ವರ್ಷ ದಾಟಿದ ಮಗುವಿಗೂ ಸೀಟು ಬೇಕು, ಟಿಕೆಟು ಬೇಕು. ಹಾಗಾಗಿ ಮೂರು ಟಿಕೆಟು. ಮಂಗಳೂರಿನಿಂದ ತಲಾ 4,600 ರೂಪಾಯಿ, ಕಣ್ಣೂರಿನಿಂದ ತಲಾ 3,900 ಎಂದು ಇಟ್ಟುಕೊಳ್ಳೋಣ. ಇಲ್ಲಿರುವ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದವು, ನಿಮ್ಮ ದಿನದ ದರ ಬೇರೆ ಇರುತ್ತದೆ. ಮೇಲ್ನೋಟಕ್ಕೆ ಕಣ್ಣೂರಿನಿಂದ ಹೋದರೆ 2,100 ರೂಪಾಯಿ ಉಳಿಯುತ್ತದೆ.

ಮೊದಲು ಟಿಕೆಟಿನಲ್ಲಿ ಬ್ಯಾಗ್ ಸೇರಿದೆಯಾ ನೋಡಿ. ಮಾಮೂಲಿ ಟಿಕೆಟಿನಲ್ಲಿ ಸಾಮಾನ್ಯವಾಗಿ ಕೈಚೀಲ 7 ಕಿಲೋ, ಕೌಂಟರಿನಲ್ಲಿ ಕೊಡುವ ಬ್ಯಾಗ್ 15 ಕಿಲೋ ಇರುತ್ತದೆ. ತೀರಾ ಅಗ್ಗದ 'ಲೈಟ್' ಬಗೆಯ ಟಿಕೆಟಿನಲ್ಲಿ ಕೈಚೀಲ ಮಾತ್ರ. ನಮ್ಮ ಕಣ್ಣೂರಿನ ಟಿಕೆಟು ಅಂಥದ್ದು, ಮಂಗಳೂರಿನದು ಬ್ಯಾಗ್ ಸೇರಿದ ಮಾಮೂಲಿ ಟಿಕೆಟು. ಹಾಗೆಂದು ಮೂವರಿಗೂ ಬ್ಯಾಗ್ ಕೊಳ್ಳಬೇಕಾಗಿಲ್ಲ. ಒಂದೇ ದೊಡ್ಡ ಸೂಟ್‌ಕೇಸ್ ಆದರೆ ಒಬ್ಬರ ಹೆಸರಿಗೆ ಮಾತ್ರ 15 ಕಿಲೋ ಕೊಂಡರೆ ಸಾಕು. ಅದಕ್ಕೆ 1,200 ಹಿಡಿಯೋಣ. ಇದನ್ನು ಬುಕ್ ಮಾಡುವಾಗಲೇ ಕೊಳ್ಳಿ, ಕೌಂಟರಿಗೆ ಹೋದ ಮೇಲೆ ದರ ಏರುತ್ತದೆ. ಹೊರಡುವ ಮೊದಲು ಮನೆಯಲ್ಲೇ ತೂಕ ನೋಡಿ. ಹಪ್ಪಳ, ಚಿಪ್ಸ್, ಉಪ್ಪಿನಕಾಯಿ ಸೇರಿದ ಬ್ಯಾಗು ನಾವು ಅಂದುಕೊಂಡದ್ದಕ್ಕಿಂತ ಭಾರ ಇರುತ್ತದೆ. ಕೊಬ್ಬರಿಯನ್ನಂತೂ ಆ ಬ್ಯಾಗಿಗೆ ಹಾಕಲೇಬೇಡಿ. ಅದರ ಎಣ್ಣೆಯಿಂದ ಬೆಂಕಿ ಹತ್ತುವ ಭಯಕ್ಕೆ ತೆಗೆಸಿಬಿಡುತ್ತಾರೆ.

ಆಮೇಲೆ ಸೀಟು. ಸೀಟಿನ ಚಿತ್ರ ತೆರೆದುಕೊಂಡಾಗ ಆರಿಸಲೇಬೇಕೇನೋ ಅನ್ನಿಸುತ್ತದೆ, ಅಲ್ವಾ? ಆರಿಸಬೇಕಾಗಿಲ್ಲ. ಬಿಟ್ಟು ಮುಂದೆ ಹೋದರೆ ಚೆಕ್-ಇನ್ ಹೊತ್ತಿಗೆ ಯಾವುದಾದರೂ ಸೀಟು ಸಿಗುತ್ತದೆ. ಮಗು ದೂರ ಕುಳಿತರೆ ಎಂಬ ಭಯಕ್ಕೆ ದುಡ್ಡು ಕೊಡುವವರು ಬಹಳ. 12 ವರ್ಷದವರೆಗಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಸೀಟು ಕೊಡಬೇಕು ಎಂದು ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರಲ್ಲಿ ಕಂಪನಿಗಳಿಗೆ ಹೇಳಿದೆ. ಮೂವರ ಟಿಕೆಟೂ ಒಂದೇ ಪಿಎನ್‌ಆರ್‌ನಲ್ಲಿರಬೇಕು, ಅಷ್ಟೇ. ಇನ್ನೊಬ್ಬರು ಬೇರೆ ಸಾಲಿಗೆ ಹೋಗಬಹುದು. ಅದು ಪರವಾಗಿಲ್ಲ ಅನ್ನಿಸಿದರೆ ಸೀಟಿಗೆ ಸೊನ್ನೆ ಬರೆಯಿರಿ. ಊಟಕ್ಕೂ ಸೊನ್ನೆ, ಚಪಾತಿ ಕಟ್ಟಿಕೊಂಡು ಹೋಗಬಹುದು.

ಇನ್ನು ಟ್ಯಾಕ್ಸಿ. ಲೆಕ್ಕ ತಿರುಗುವುದು ಇಲ್ಲೇ. ಟಿಕೆಟಿಗೆ ತಲೆಗಿಷ್ಟು ಎಂದು ಕೊಡುತ್ತೇವೆ, ಟ್ಯಾಕ್ಸಿಗೆ ಒಬ್ಬರು ಹೋದರೂ ಮೂವರು ಹೋದರೂ ಅಷ್ಟೇ. ಬಜಪೆಗೆ 2,000, ಮಟ್ಟನ್ನೂರಿಗೆ 3,500 ಎಂದುಕೊಳ್ಳೋಣ. ಗಾಡಿ ಖಾಲಿ ಮರಳುವ ಖರ್ಚು, ತಲಪಾಡಿಯ ಟೋಲ್, ಗಡಿ ದಾಟುವ ಪರ್ಮಿಟ್ ಎಲ್ಲ ಸೇರಿದೆಯಾ ಎಂದು ಡ್ರೈವರ್ ಅಣ್ಣನನ್ನು ಮೊದಲೇ ಕೇಳಿಕೊಳ್ಳಿ.

ಹಣ ಕಟ್ಟುವ ಪುಟದಲ್ಲಿ ಸೇರಿಕೊಳ್ಳುವ ಕನ್ವೀನಿಯನ್ಸ್ ಫೀ ತಲಾ 300 ಹಿಡಿದರೆ ಎರಡೂ ಕಡೆ 900. ಈಗ ಕೂಡಿಸಿ. ಕಣ್ಣೂರಿನ ಟಿಕೆಟು 11,700, ಬ್ಯಾಗ್ 1,200, ಫೀ 900, ಟ್ಯಾಕ್ಸಿ 3,500, ಒಟ್ಟು 17,300. ಮಂಗಳೂರಿನ ಟಿಕೆಟು 13,800, ಫೀ 900, ಟ್ಯಾಕ್ಸಿ 2,000, ಒಟ್ಟು 16,700. ದುಬಾರಿ ಎನಿಸಿದ ಮಂಗಳೂರೇ 600 ರೂಪಾಯಿ ಅಗ್ಗ. ಕೈಚೀಲದಲ್ಲೇ ಸುಧಾರಿಸುತ್ತೀರಾದರೆ ಕಣ್ಣೂರು 16,100ಕ್ಕೆ ಇಳಿದು ಅದೇ ಅಗ್ಗ. ಬರೀ ಒಂದು ಸೂಟ್‌ಕೇಸ್ ಇಡೀ ಲೆಕ್ಕವನ್ನು ತಿರುಗಿಸುತ್ತದೆ.

ಒಬ್ಬರೇ ಹೋಗುವುದಾದರೆ ಕಣ್ಣೂರಿನ ಲೆಕ್ಕ ಕುದುರುವುದೇ ಇಲ್ಲ. ಟಿಕೆಟಿನಲ್ಲಿ ಉಳಿಯುವ 700ಕ್ಕಾಗಿ ಟ್ಯಾಕ್ಸಿಗೆ 1,500 ಜಾಸ್ತಿ ಕೊಟ್ಟಂತಾಗುತ್ತದೆ. ಮಂಗಳೂರಿಗಾದರೆ ಹಗಲಿನಲ್ಲಿ ರೈಲೋ ಬಸ್ಸೋ ಹಿಡಿದು, ಅಲ್ಲಿಂದ ಆಟೋದಲ್ಲಿ ಬಜಪೆಗೆ ಹೋಗಬಹುದು.

ಆದ್ದರಿಂದ ವಿಮಾನದ ಹೊತ್ತನ್ನೂ ನೋಡಿ. ಬೆಳಗ್ಗೆ ಆರಕ್ಕೆ ಹೊರಡುವ ವಿಮಾನಕ್ಕೆ ಮನೆಯಿಂದ ನಡುರಾತ್ರಿ ಕಳೆದು ಒಂದೆರಡು ಗಂಟೆಯಲ್ಲೇ ಹೊರಡಬೇಕು, ಟ್ಯಾಕ್ಸಿ ಬಿಟ್ಟರೆ ಗತಿಯಿಲ್ಲ. ಮುಂಬೈಯಲ್ಲಿ ನಡುರಾತ್ರಿ ಕಳೆದು ಇಳಿದರೂ ಅಷ್ಟೇ, ಹೊರಬರುವಷ್ಟರಲ್ಲಿ ಲೋಕಲ್ ರೈಲಿನ ಓಡಾಟ ನಿಂತುಹೋಗಿರುತ್ತದೆ. ಅಂಥ ಟಿಕೆಟಿನ ಪಕ್ಕದಲ್ಲಿ ಎರಡೂ ಊರಿನ ಟ್ಯಾಕ್ಸಿ ಬಾಡಿಗೆ ಬರೆದುಕೊಳ್ಳಿ.

ಹಣ ಕಟ್ಟುವ ಮೊದಲು ದರದ ವಿವರ ತೆರೆದು ಒಂದೊಂದೇ ಸಾಲು ಓದಿ. ಸೀಟು, ಊಟ, ಬ್ಯಾಗಿನಂಥ ಹೆಚ್ಚುವರಿ ಸೇವೆಗಳನ್ನು ನೀವಾಗಿ ಆರಿಸಿದರೆ ಮಾತ್ರ ಸೇರಿಸಬೇಕು ಎಂಬುದು ಡಿಜಿಸಿಎ ನಿಯಮ. ನೀವು ಆರಿಸದ ಊಟವೋ ವಿಮೆಯೋ ಅಲ್ಲಿ ಕಂಡರೆ ಹಿಂದಿನ ಪುಟಕ್ಕೆ ಹೋಗಿ ಟಿಕ್ ತೆಗೆಯಿರಿ, ಒಟ್ಟು ಮೊತ್ತ ಇಳಿಯಿತಾ ನೋಡಿಕೊಂಡು ಹಣ ಕಟ್ಟಿ.