ಆರು ವಾರಕ್ಕೆ ಮಾತ್ರ ತಾರೀಖು

ತೀರ್ಥಹಳ್ಳಿ ಕಡೆಯ ಒಂದು ಹಳೇ ತೊಟ್ಟಿ ಮನೆ ರಿಪೇರಿಗೆ ಪ್ಲಾನ್ ಕೊಟ್ಟಾಗ ಯಜಮಾನರು ಹಾಳೆ ತಿರುಗಿಸಿ ನೋಡಿದರು. "ಉಳಿದದ್ದಕ್ಕೆ ತಾರೀಖೇ ಇಲ್ವಲ್ಲ ಮಾರಾಯ್ರೆ?"

ನಿಜ, ಇರಲಿಲ್ಲ. ನವೆಂಬರ್‌ನಿಂದ ಮೊದಲ ಆರು ವಾರಕ್ಕೆ ದಿನದ ಲೆಕ್ಕ ಬರೆದಿದ್ದೆ: ಹೆಂಚು ಇಳಿಸುವುದು, ಟಾರ್ಪಾಲು, ಮರ ತಪಾಸಣೆ. ಮಾಡಿನ ಕೆಲಸಕ್ಕೆ ಜನವರಿಯಿಂದ ಮೇ 15ರ ತನಕ ಅಂತ ಒಂದೇ ಸಾಲು. ಗೋಡೆ, ನೆಲಕ್ಕೆ 'ಮಳೆ ಮುಗಿದ ಮೇಲೆ, 2ರಿಂದ 4 ತಿಂಗಳು' ಅಂತಷ್ಟೇ. ಇದನ್ನೇ ರೋಲಿಂಗ್ ವೇವ್ ಪ್ಲಾನಿಂಗ್ ಅನ್ನುತ್ತಾರೆ. ಹತ್ತಿರದ್ದನ್ನು ಬಿಡಿಸಿ ಬರೆಯುವುದು, ದೂರದ್ದನ್ನು ಗಂಟಾಗಿಯೇ ಇಟ್ಟುಕೊಂಡು ಹತ್ತಿರ ಬಂದಾಗ ಬಿಡಿಸುವುದು.

ಗೋಡೆಯ ಕೆಲಸ ಬಿಡಿಸದಿದ್ದಕ್ಕೆ ಕಾರಣ ಇತ್ತು. ಮಣ್ಣಿನ ಗೋಡೆಗೆ ತೇವ ಸೋರುವ ಮಾಡಿನಿಂದ ಬಂದದ್ದೋ, ನೆಲದಿಂದ ಏರಿದ್ದೋ? ಮಾಡು ಸರಿಮಾಡಿ ಒಂದು ಮಳೆಗಾಲ ಕಳೆಯುವ ತನಕ ಅದು ಖಚಿತವಾಗುವುದಿಲ್ಲ. ಮೊದಲೇ ತಾರೀಖು ಹಾಕಿದ್ದರೆ ಅದು ಸುಮ್ನೆ ಬರೆದ ಅಂಕಿ.

ಆರು ವಾರದ ಪಟ್ಟಿಯಲ್ಲೇ ನಾಲ್ಕನೇ ವಾರಕ್ಕೆ 'ಮಾಡಿನ ಪ್ಲಾನ್ ಬರೆಯುವುದು' ಅಂತ ಒಂದು ಕೆಲಸ ಸೇರಿಸಿದ್ದೆ. ಅದಕ್ಕೆ ಬೇಕಾದ ಉತ್ತರ ಒಂದೇ: ಎಷ್ಟು ತೊಲೆ ಬದಲಿಸಬೇಕು? ತೊಲೆಯ ನಡು ಚೆನ್ನಾಗಿ ಕಂಡರೂ ಗೋಡೆಯೊಳಗೆ ಕೂತ ತುದಿಯನ್ನು ಗೆದ್ದಲು ತಿಂದಿರಬಹುದು. ತಿಂದಿದ್ದರೆ ಸುತ್ತಿಗೆಯಲ್ಲಿ ತಟ್ಟಿದಾಗ ಡಬ್ ಅಂತ ಪೊಳ್ಳು ಸದ್ದು. ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಹಾಗೆ ನೋಡಿದಾಗ 22ರಲ್ಲಿ 9 ಕೆಟ್ಟಿದ್ದವು. ನಾನು ಅಂದಾಜು ಮಾಡಿದ್ದು 4.

ಎಡವಿದ್ದೂ ಇಲ್ಲೇ. ಮಾಡಿನ ಕೆಲಸ ಜನವರಿಗೆ ತಾನೆ ಅಂತ ಮರದ ವಿಚಾರವನ್ನೂ ಅದೇ ಗಂಟಿನಲ್ಲಿ ಬಿಟ್ಟಿದ್ದೆ. ಹಸಿ ಮರ ಕೊಯ್ದು ಒಣಗಿಸಲು ತಿಂಗಳುಗಟ್ಟಲೆ ಬೇಕು. ಒಣಗದೆ ಏರಿಸಿದರೆ ತಿರುಚಿಕೊಂಡು ಮಾಡೇ ಸೊಟ್ಟ. ಡಿಸೆಂಬರ್‌ನಲ್ಲಿ ಎಚ್ಚೆತ್ತು, ಕೆಡವಿದ ಮನೆಗಳ ಹಳೇ ತೊಲೆ ಹುಡುಕಿದೆ. ಸಿಕ್ಕವು, ಆದರೆ ಅಳತೆಗೆ ಕೊಯ್ಸುವುದರಲ್ಲೇ ಮೂರು ವಾರ ಹೋಯಿತು. ಈಗ ಯಾವ ಗಂಟನ್ನೂ ಕಟ್ಟಿಡುವ ಮುಂಚೆ, ಇದರಲ್ಲಿ ತಡವಾಗಿ ಸಿಗುವ ಸಾಮಾನು ಏನಿದೆ ಅಂತ ನೋಡಿ ಅದನ್ನು ಈಗಿನ ಪಟ್ಟಿಗೆ ಎಳೆದುಕೊಳ್ಳುತ್ತೇನೆ.

ಇನ್ನೊಂದು ಮೋಸ ನಮಗೆ ನಾವೇ ಮಾಡಿಕೊಳ್ಳುವಂಥದ್ದು. ಈ ಆರು ವಾರದಲ್ಲಿ ಆಗದ ಕೆಲಸವನ್ನು ಮುಂದಿನ ಪಟ್ಟಿಗೆ ಮೆಲ್ಲಗೆ ದೂಡಿದರೆ ತಡ ಆಗಿದ್ದೇ ಕಾಣುವುದಿಲ್ಲ. ನಾನು ಮೊದಲ ಹಾಳೆಯನ್ನು ತಿದ್ದದೆ ಹಾಗೇ ಇಟ್ಟು, ದೂಡಿದ್ದನ್ನು ಕೆಂಪು ಪೆನ್ನಲ್ಲಿ ಬರೆದೆ. ಮೇ 15ನ್ನು ಮಾತ್ರ ಕದಲಿಸಲಿಲ್ಲ. ಮಳೆ ನಮ್ಮ ಹಾಳೆ ನೋಡಿ ಬರುತ್ತದಾ?

ಕೊನೇ ಹೆಂಚು ಕೂತದ್ದು ಮೇ 13ಕ್ಕೆ. ಅಕ್ಟೋಬರ್‌ನಲ್ಲಿ ಹೋಗಿ ನೋಡಿದರೆ ಮೂರು ಗೋಡೆ ಒಣಗಿದ್ದವು, ಅಡುಗೆಮನೆ ಗೋಡೆ ಬುಡದಿಂದ ಮೊಣಕಾಲೆತ್ತರಕ್ಕೆ ಇನ್ನೂ ಕಪ್ಪಗಿತ್ತು. ಅಲ್ಲೇ ಜಗಲಿಯಲ್ಲಿ ಕೂತು ಗೋಡೆಯ ಸಾಲನ್ನು ಬಿಡಿಸಿ ಬರೆದೆವು.